ಮೂರನೆಯ ವಾಕ್ಯ

ನಮ್ಮ ಮೇಡಂ ಒಂದು ವಾಕ್ಯ ಶುರು ಮಾಡಿದರೆ ಅದು ಮುಗಿಯುವಷ್ಟರಲ್ಲಿ ಕಾಫಿ ಆರಿಹೋಗುತ್ತಿತ್ತು. ಬಸವೇಶ್ವರನಗರದ ಒಂದು ಮನೆಯ ಮಹಡಿಯಲ್ಲಿದ್ದ ನಮ್ಮ ಸಣ್ಣ ಸಂಸ್ಥೆಗೆ ಅವರೇ ನಿರ್ದೇಶಕಿ, ನಾನು ವರದಿ ತಿದ್ದುವವಳು. ಸುಂಕದಕಟ್ಟೆಯ ಸರ್ಕಾರಿ ಶಾಲೆಯೊಂದರಲ್ಲಿ ಮಕ್ಕಳಿಗೆ ಓದು ಕಲಿಸುವ ಯೋಜನೆ ನಮ್ಮದು. ಮುಂದೆ ಶಿಕ್ಷಕರೇ ನಡೆಸಿಕೊಂಡು ಹೋಗಲಿ ಎಂದು ಅವರನ್ನೂ ಜೊತೆಗೆ ಸೇರಿಸಿಕೊಂಡು ಕಲಿಸುತ್ತಿದ್ದವಳು ಬ್ಯಾಡರಹಳ್ಳಿಯ ಒಬ್ಬ ಹುಡುಗಿ. ಯೋಜನೆ ಮುಂದುವರಿದರೆ ಅವಳಿಗೆ ಕೆಲಸ, ನಿಂತರೆ ಇಲ್ಲ. ಅದನ್ನು ತೀರ್ಮಾನಿಸುವುದು ದುಡ್ಡು ಕೊಡುವ ಟ್ರಸ್ಟಿಗೆ ನಾವು ಕಳಿಸುವ ವರದಿ.

ಆ ವರ್ಷ ಮೇಡಂ ಬರೆದುಕೊಟ್ಟ ಮುಖ್ಯ ಪ್ಯಾರಾ ಹೀಗೆ ಹೊರಟಿತ್ತು: ‘ಸದರಿ ಯೋಜನೆಯ ಅಡಿಯಲ್ಲಿ ಓದುವ ಸಾಮರ್ಥ್ಯವನ್ನು ಅಭಿವೃದ್ಧಿಪಡಿಸುವ ನಿಟ್ಟಿನಲ್ಲಿ ಹಮ್ಮಿಕೊಳ್ಳಲಾದ ವಿವಿಧ ಚಟುವಟಿಕೆಗಳ ಫಲವಾಗಿ ಮಕ್ಕಳಲ್ಲಿ ಗಣನೀಯ ಪ್ರಗತಿ ಕಂಡುಬಂದಿರುತ್ತದೆ ಹಾಗೂ ಶಿಕ್ಷಕರು ಸಹ ನಮ್ಮ ಸಿಬ್ಬಂದಿಯ ಸಹಕಾರದೊಂದಿಗೆ ಸದರಿ ಚಟುವಟಿಕೆಗಳಲ್ಲಿ ತಮ್ಮನ್ನು ತೊಡಗಿಸಿಕೊಂಡಿರುತ್ತಾರೆ...’ ಮುಂದೆ ಇನ್ನೂ ಅರ್ಧ ಪುಟ. ಟ್ರಸ್ಟಿನವರು ಈ ಸಲ ಚಿಕ್ಕದಾಗಿ, ಅರ್ಥವಾಗುವ ಹಾಗೆ ಬರೆಯಿರಿ ಎಂದಿದ್ದರು.

ಇಂಥ ಪ್ಯಾರಾ ಕೈಗೆ ಬಂದರೆ ನಾನು ಮೊದಲು ಕೇಳಿಕೊಳ್ಳುವುದು ಇಷ್ಟೇ: ಯಾರು, ಏನು ಮಾಡಿದರು, ಅದರಿಂದ ಏನಾಯಿತು? ಒಂದು ವಾಕ್ಯಕ್ಕೆ ಒಂದೇ ವಿಷಯ. ‘ಸದರಿ’ ಹೋಯಿತು, ‘ನಿಟ್ಟಿನಲ್ಲಿ’ ಹೋಯಿತು. ‘ಗಣನೀಯ’ ಅಂದರೆ ಎಷ್ಟು ಅಂತ ಯಾರಿಗೂ ಗೊತ್ತಿರಲಿಲ್ಲ, ಅದೂ ಹೋಯಿತು. ‘ನಮ್ಮ ಸಿಬ್ಬಂದಿಯ ಸಹಕಾರದೊಂದಿಗೆ’ ಎಂಬಲ್ಲಿ ಮಾತ್ರ ಕೈ ನಿಂತಿತು. ಇದು ಬರೀ ಒಣಮಾತೋ, ಒಳಗೆ ಏನಾದರೂ ಇದೆಯೋ? ಹುಡುಗಿಗೆ ಫೋನ್ ಮಾಡಿದೆ.

“ಅಯ್ಯೋ ಅಕ್ಕಾ, ನಾನು ಪಕ್ಕದಲ್ಲಿದ್ರೆ ಮಿಸ್ಸುಗಳೇ ಓದಿಸ್ತಾರೆ. ನಾನು ಹೋಗದಿದ್ದ ದಿನ ಓದೋ ಪೀರಿಯಡ್ಡೇ ಇರಲ್ಲ. ಲೆಕ್ಕ ಮಾಡಿಸಿಬಿಡ್ತಾರೆ. ಮಿಸ್ಸುಗಳ ತಪ್ಪೂ ಅಲ್ಲ ಬಿಡಿ, ಅವ್ರಿಗೆ ಸಿಲಬಸ್ ಮುಗಿಸೋದೇ ತಲೆನೋವು.”

ಆಮೇಲೆ ಬರೆದೆ: ‘ಅಕ್ಷರ ಕೂಡಿಸಲು ತಿಣುಕುತ್ತಿದ್ದ ನಾಲ್ಕನೆಯ ತರಗತಿಯ ಮಕ್ಕಳು ಈಗ ಪುಟ್ಟ ಕಥೆಯನ್ನು ತಾವೇ ಓದುತ್ತಾರೆ. ಓದಿನ ಪೀರಿಯಡ್ಡನ್ನು ಶಾಲೆಯ ಶಿಕ್ಷಕರೇ ನಡೆಸುತ್ತಾರೆ. ನಮ್ಮ ಕಾರ್ಯಕರ್ತೆ ಬಾರದ ದಿನ ಆ ಪೀರಿಯಡ್ ನಡೆಯುವುದಿಲ್ಲ.’ ಅಷ್ಟೇ. ಸುಳ್ಳೇಕೆ ಹೇಳಲಿ, ನನಗೆ ಖುಷಿಯಾಗಿತ್ತು.

ಮೇಡಂಗೂ ಖುಷಿಯಾಯಿತು. ಎರಡು ವಾಕ್ಯದ ಮಟ್ಟಿಗೆ.

“ಮೂರನೇದು ನೆಗೆಟಿವ್ ಆಗ್ತದಲ್ರೀ. ತೆಗೀರಿ.”

“ಮೇಡಂ, ಅದನ್ನ ತೆಗೆದ್ರೆ ಎರಡನೇದು ಸುಳ್ಳಾಗುತ್ತೆ. ಅವಳು ಇರೋದ್ರಿಂದಲೇ ನಡೀತಿರೋದು.”

“ಚಿಕ್ಕದಾಗಿ ಬರೀರಿ ಅಂತ ಟ್ರಸ್ಟಿನವ್ರೇ ಅಂದಿದಾರಲ್ರೀ?” ಎಂದು ನಕ್ಕು, ತಾವೇ ಅಳಿಸಿ ಕಳಿಸಿಬಿಟ್ಟರು. ಆ ನಗು ನೆನೆದರೆ ಇವತ್ತಿಗೂ ಮೈಯೆಲ್ಲ ಉರಿಯುತ್ತದೆ.

ಟ್ರಸ್ಟಿನವರ ಉತ್ತರ ಬಹಳ ಬೇಗ ಬಂತು. ಇಷ್ಟು ಸ್ಪಷ್ಟವಾದ ವರದಿಯನ್ನು ತಾವು ಓದಿಯೇ ಇರಲಿಲ್ಲವಂತೆ. ಶಿಕ್ಷಕರೇ ನಡೆಸುತ್ತಿರುವುದರಿಂದ ಯೋಜನೆಯ ಉದ್ದೇಶ ಈಡೇರಿದೆಯಂತೆ. ಅಭಿನಂದನೆ, ಮುಂದಿನ ವರ್ಷ ಸುಂಕದಕಟ್ಟೆಗೆ ನೆರವು ಬೇಕಿಲ್ಲ. ಅವರಿಗೆ ನಿಜ ಬರೆದು ತಿಳಿಸೋಣ ಎಂದು ಮೇಡಂ ಹತ್ತಿರ ಅಂಗಲಾಚಿದೆ. “ಕೊಟ್ಟ ವರದೀನ ನಾವೇ ತಪ್ಪು ಅನ್ನೋಕಾಗುತ್ತಾ? ನೋಡಿ, ನಾನು ಬರೀತಿದ್ದದ್ದು ಯಾರಿಗೂ ಅರ್ಥ ಆಗ್ತಿರಲಿಲ್ಲ, ಅದಕ್ಕೇ ಇಷ್ಟು ದಿನ ನಡೀತು. ನಿಮ್ಮ ಸ್ಪಷ್ಟತೆ ಕೆಲಸ ಕೆಡಿಸ್ತು” ಎಂದರು. ಎಂಥ ಮಾತು! ಎದುರಿಗಿದ್ದ ಲೋಟ ಎತ್ತಿ ಎಸೆಯಬೇಕು ಅನ್ನಿಸಿತು. ಎಸೆಯಲಿಲ್ಲ, ನನಗೂ ಮನೆ ಬಾಡಿಗೆ ಇತ್ತು.

ಹುಡುಗಿ ಮಾಗಡಿ ರಸ್ತೆಯ ಬಟ್ಟೆಯಂಗಡಿಯೊಂದಕ್ಕೆ ಸೇರಿದಳು. ಕೆಲವು ತಿಂಗಳ ಮೇಲೆ ಟ್ರಸ್ಟಿನವರು ಶಾಲೆಯಲ್ಲಿ ಈಗ ಹೇಗಿದೆ ಎಂದು ಕೇಳಿದರು. ನಾನು ಹೋಗಿ ನೋಡಿಬಂದು ಒಂದೇ ಸಾಲು ಬರೆದೆ: ‘ಓದಿನ ಪೀರಿಯಡ್ ನಿಂತುಹೋಗಿದೆ.’

ಮೇಡಂ ಅದನ್ನು ನೋಡಿದರು. “ಸ್ವಲ್ಪ ಎಳೀರಿ ಇದನ್ನ” ಎಂದರು. ನಾನು ಎಳೆಯಲಿಲ್ಲ. ಅವರೇ ಕೂತು ಕೀಬೋರ್ಡ್ ಕುಟ್ಟತೊಡಗಿದರು. ‘ಸದರಿ ಚಟುವಟಿಕೆಯು ಶಾಲೆಯ ಇತರ ಶೈಕ್ಷಣಿಕ ಆದ್ಯತೆಗಳ ಹಿನ್ನೆಲೆಯಲ್ಲಿ ಪರಿವರ್ತನೆಯ ಹಂತದಲ್ಲಿರುತ್ತದೆ...’ ಎಂದು ಹೊರಟು ಅರ್ಧ ಪುಟ ತುಂಬಿತು. ಅದು ಹಾಗೇ ಹೋಯಿತು.

ಹಬ್ಬಕ್ಕೆ ಸೀರೆ ತರಲು ಹೋದಾಗ ಆ ಹುಡುಗಿಯೇ ಸಿಕ್ಕಳು. ಮಡಿಕೆ ಬಿಚ್ಚಿ ಬಿಚ್ಚಿ ಸೀರೆ ತೋರಿಸುತ್ತ, ಮಕ್ಕಳು ಹೇಗಿದಾರೆ ಎಂದಳು. ಪೀರಿಯಡ್ ಇಲ್ಲ ಕಣೇ ಎಂದೆ.

“ಅದನ್ನ ಅವ್ರಿಗೆ ಬರೆದ್ರಾ ಅಕ್ಕಾ?”

“ಬರ್ದಿದೀನಿ ಕಣೇ.”

“ಹಾಗಾದ್ರೆ ಓದಿದ್ಮೇಲೆ ಮತ್ತೆ ಕರೀತಾರೆ ಅಲ್ವಾ?” ಎಂದು ಇನ್ನೊಂದು ಸೀರೆ ಬಿಚ್ಚಿದಳು.