ಮಾತು ಯಾರದೋ ಹೆಸರು ಅವರದೇ

ವೈದ್ಯರ ಸಮ್ಮೇಳನಗಳಿಂದ ಜಾಲತಾಣಕ್ಕೆ ನೇರ ಪೋಸ್ಟ್ ಹಾಕುವುದು ಏಳು ವರ್ಷದಿಂದ ಅವಳ ಕೆಲಸ. ಮೊದಲು ಮಾತಾಡಿದವರ ಹೆಸರು, ಆಮೇಲೆ ಅವರ ಮಾತು, ಎರಡೇ ಸಾಲು. ಅಂಕಿ ಕಿವಿಗೆ ಸರಿಯಾಗಿ ಬೀಳದಿದ್ದರೆ ಬಿಟ್ಟೇಬಿಡುತ್ತಿದ್ದಳು.

ಆವತ್ತು ಮಕ್ಕಳ ವಾರ್ಡಿನ ನರ್ಸೊಬ್ಬಳು ವೇದಿಕೆ ಹತ್ತಿದಳು. ತೂಕ ಕಡಿಮೆಯಿದ್ದ ಎಳೆಗೂಸುಗಳನ್ನು ತಾಯಿಯ ಎದೆಗೆ ಅಪ್ಪಿಸಿಟ್ಟಾಗ ಬೇಗ ತೂಕ ಹೆಚ್ಚಿದ್ದನ್ನು ಹೇಳಿ, "ನೋಡಿದ್ದು ನಲವತ್ತೇ ಕೂಸು, ಇನ್ನೂ ನೋಡ್ಬೇಕು" ಎಂದಳು. ಇವಳು ಹಾಗೆಯೇ ಹಾಕಿದಳು.

ಐದು ನಿಮಿಷದಲ್ಲಿ ಸಂಚಾಲಕರು ಪಕ್ಕಕ್ಕೆ ಬಂದು ಕೂತರು. "ನರ್ಸ್ ಹೆಸರು ತೆಗ್ದು ನಮ್ಮ ದೊಡ್ಡ ಡಾಕ್ಟ್ರ ಹೆಸರು ಹಾಕಮ್ಮ. ‘ಸಾಬೀತಾಗಿದೆ’ ಅಂತ ಬರಿ."

"ಅವ್ರು ಆಗ ಹೊರಗೆ ಹರಟೆ ಹೊಡೀತಿದ್ರಲ್ಲ ಸರ್."

"ವಾರ್ಡು ಅವ್ರದ್ದೇ ತಾನೆ? ಮುಂದಿನ ಸಮ್ಮೇಳನಕ್ಕೂ ನೀನೇ ಇರ್ಲಿ ಅಂತಿದ್ದೆ."

ನಗುತ್ತಲೇ ಸಮ್ಮೇಳನದ ಫೋನನ್ನು ಅವಳ ಕೈಯಿಂದ ತೆಗೆದುಕೊಂಡು, ಮೊದಲಿನದನ್ನು ಅಳಿಸಿ ತಾವೇ ಬರೆದು ಹಾಕಿ, ಫೋನನ್ನು ಅವಳಿಗೆ ಮರಳಿಸಿದರು. ಇನ್ನೊಬ್ಬರ ಬಾಯಿಂದ ತುತ್ತು ಕಿತ್ತು ಚಪ್ಪರಿಸುವವರನ್ನು ಕಂಡಂತೆ ಅವಳಿಗೆ ಹೇಸಿಗೆಯಾಯಿತು.

ಊಟದ ಸಾಲಿನಲ್ಲಿ ನರ್ಸ್ ಹತ್ತಿರ ಬಂದಳು. ತನ್ನ ಫೋನಿನಲ್ಲಿ ಆ ಪೋಸ್ಟ್ ತೆರೆದು ತೋರಿಸಿದಳು.

"ಅಕ್ಕಾ, ನನ್ನ ಹೆಸರು ಹೋದ್ರೆ ಹೋಗ್ಲಿ. ಸಾಬೀತು ಅಂತ ನಾನೆಲ್ಲಿ ಅಂದೆ? ಯಾವ್ದಾದ್ರೂ ತಾಯಿ ಇದನ್ನ ನಂಬಿ ಕೂಸನ್ನ ಆಸ್ಪತ್ರೆಗೇ ತರ್ದೆ ಇದ್ರೆ?"

ಎದೆಹಾಲು ಬಿಡಿಸದ ಮಗು ಪೋಸ್ಟ್ ಹಾಕುವವಳ ಮನೆಯಲ್ಲೂ ಇತ್ತು. ಸಂಚಾಲಕರ ಪೋಸ್ಟನ್ನು ಸುಮ್ಮನೆ ಅಳಿಸಿದರೆ, ಆಗಲೇ ಹಂಚಿಕೊಂಡವರಿಗೆ ತಪ್ಪು ತಿಳಿಯುವುದಿಲ್ಲ. ಅದರ ಕೆಳಗೇ ತಿದ್ದುಪಡಿ ಬರೆದಳು: ಈ ಪೋಸ್ಟ್ ತಪ್ಪು, ಮಾತಾಡಿದವರು ದೊಡ್ಡ ಡಾಕ್ಟರಲ್ಲ. ನರ್ಸಿನ ಪೂರ್ತಿ ಹೆಸರು ಹಾಕಿ, ನೋಡಿದ್ದು ನಲವತ್ತೇ ಕೂಸು, ಏನೂ ಸಾಬೀತಾಗಿಲ್ಲ ಎಂದು ಸೇರಿಸಿದಳು.

ಆಮೇಲೆ ಫೋನನ್ನು ಸಂಚಾಲಕರ ತಟ್ಟೆಯ ಪಕ್ಕದಲ್ಲಿಟ್ಟಳು. "ಮುಂದಿನದಕ್ಕೆ ಬೇರೆಯವರನ್ನ ನೋಡ್ಕೊಳ್ಳಿ ಸರ್."