ಸೀಸನ್ ಮುಗಿದರೂ ಅಳಿಸಬಾರದ ಎತ್ತರ

ಪಿರಿಯಾಪಟ್ಟಣದಲ್ಲಿ ಗೊಬ್ಬರದಂಗಡಿಯ ಮಹಡಿಯ ಮೇಲೆ ನನ್ನ ಅಕ್ಕನ ಗಂಡನ ಷೇರು ಕಚೇರಿಯಿದೆ. ಗಿರಾಕಿಗಳ ಹೂಡಿಕೆ ಕುಸಿದರೆ ಅವರಿಗೆ ತಿಳಿಸುವುದು ನನ್ನ ಕೆಲಸ. ಬೆಳಿಗ್ಗೆ ನೆಲ ಒರೆಸಿ, ಫ್ಲಾಸ್ಕು ಪಕ್ಕಕ್ಕಿಟ್ಟುಕೊಂಡು ಕೂರುತ್ತೇನೆ.

ಮೊದಲು ಚೂರು ಇಳಿದರೂ ಎಲ್ಲರಿಗೂ ಮೆಸೇಜು ಹೋಗುತ್ತಿತ್ತು. ಕೊಪ್ಪದ ಕಡೆಯ ಹೊಗೆಸೊಪ್ಪಿನ ಬೆಳೆಗಾರರೊಬ್ಬರು ಒಂದು ದಿನ ಬಂದು ಫೋನನ್ನು ನನ್ನ ಮೇಜಿನ ಮೇಲೆ ಕುಕ್ಕಿದರು.

"ಸೊಪ್ಪು ಹರಾಜಾಗೋ ಹೊತ್ನಾಗೂ ಇದು ಬಡ್ಕತದೆ ಕಣವ್ವ. ನಾನು ನೋಡೋದೇ ಬುಟ್ಟಿವ್ನಿ."

ಸೊಪ್ಪು ಹದಮಾಡುವ ಅವರ ಬ್ಯಾರನ್ನಿನ ಗೋಡೆ ಬಿರಿದಿತ್ತು. ಹೊಸದು ಕಟ್ಟಲೆಂದು ಅವರು ನಮ್ಮಲ್ಲಿ ಹೂಡಿದ್ದ ಹಣ ಇದು; ಅದರ ಮೆಸೇಜನ್ನೇ ನೋಡದಿದ್ದರೆ ಹೇಗೆ? ಅದಕ್ಕೇ ಎಚ್ಚರಿಕೆಗೆ ಮೂರು ಮಟ್ಟ ಮಾಡಿದೆ. ಹೂಡಿಕೆ ಮುಟ್ಟಿದ ಅತಿ ಎತ್ತರದ ಬೆಲೆಯಿಂದ ನೂರಕ್ಕೆ ಐದು ಇಳಿದರೆ ಹಳದಿ, ಅದು ವಾರದ ವರದಿಯಲ್ಲಿ ಮಾತ್ರ. ಹತ್ತು ಇಳಿದರೆ ಕಿತ್ತಳೆ, ಒಂದು ಮೆಸೇಜು. ಇಪ್ಪತ್ತಾದರೆ ಕೆಂಪು, ನಾನೇ ಫೋನ್ ಮಾಡುತ್ತೇನೆ. ಗಿರಾಕಿ ಹಾಕಿದ, ತೆಗೆದ ಹಣ ಇದರಲ್ಲಿ ಸೇರುವುದಿಲ್ಲ. ಎತ್ತರ ಏರಬಹುದೇ ಹೊರತು ಇಳಿಯುವಂತಿಲ್ಲ. ಕಚೇರಿ ಸುಮ್ಮನಾಯಿತು.

ಈಚೆಗೆ ಇದೇ ಬೆಳೆಗಾರರ ಕಿತ್ತಳೆ ಎರಡನೇ ಸಲ ಬಂತು. ಹೋದ ವರ್ಷವೂ ಬಂದಿತ್ತಲ್ಲ ಎಂದು ಹಿಂದಕ್ಕೆ ಹೋಗಿ ನೋಡಿದೆ. ನೂರಿದ್ದದ್ದು ಎಂಬತ್ತೆಂಟಾಗಿತ್ತು. ಸೊಪ್ಪಿನ ಹೊಸ ಸೀಸನ್ ಶುರುವಾದಾಗ ಯಾರೋ ಆ ಎಂಬತ್ತೆಂಟನ್ನೇ ಹೊಸ ಎತ್ತರವೆಂದು ಬರೆದಿದ್ದರು. ಈಗ ಎಪ್ಪತ್ತೆಂಟು. ಹೊಸ ಎತ್ತರದಿಂದ ನೂರಕ್ಕೆ ಹನ್ನೊಂದರಷ್ಟು ಇಳಿತ. ನಿಜವಾದ ಎತ್ತರದಿಂದ ಇಪ್ಪತ್ತೆರಡು. ಕೆಂಪು ಎಂದೋ ಹೊಡೆದುಕೊಳ್ಳಬೇಕಿತ್ತು.

ಫೋನ್ ಮಾಡಿದೆ. ಮಧ್ಯಾಹ್ನಕ್ಕೇ ಬೆಳೆಗಾರರು ಬಂದರು. ಎತ್ತರ ಬದಲಾಗಿದ್ದನ್ನು ಭಾವನ ಎದುರೇ ಅವರಿಗೆ ತೋರಿಸಿದೆ.

"ಅದನ್ನ ಬದಲಾಯಿಸಿದ್ದು ನಾನು" ಎಂದರು ಭಾವ, ನನ್ನ ಕಡೆ ತಿರುಗಿ. "ನಿನ್ನನ್ನ ಯಾರು ಕೇಳಿದ್ರು? ಗಿರಾಕಿನೇ ಹೇಳಿದ್ದು."

"ಊ ಕಣ್ರೀ, ನಾನೇ ಯೋಳಿದ್ದು" ಎಂದರು ಬೆಳೆಗಾರರು. "ನಮ್ಮ ಸೊಪ್ಪಿನ ಲೆಕ್ಕ ಸೀಸನ್ ಸೀಸನ್‌ಗೆ ಹೊಸ್ದು. ಇದೂ ಅಂಗೇ ಅನ್ಕಂಡೆ. ಅಂಗಲ್ಲ ಅನ್ನೋಕೆ ನಿಮ್ಗೆ ಬಾಯಿರನಿಲ್ವಾ? ಕಮಿಷನ್ ಇಸ್ಕಳಾಕೆ ಮಾತ್ರ ಬಾಯಾ?"

ಭಾವ ಕಂಪ್ಯೂಟರಿನ ಕಡೆ ಮುಖ ಮಾಡಿದರು. ನಾನು ಕಾಫಿ ಬಗ್ಗಿಸಿಕೊಟ್ಟೆ. ಬೆಳೆಗಾರರು ಲೋಟ ಮುಟ್ಟಲಿಲ್ಲ.

"ಅಣ್ಣ, ಇನ್ನೂ ಇಳಿಯಬಹುದು, ಏರಲೂಬಹುದು. ನನಗೆ ಗೊತ್ತಿಲ್ಲ. ಬ್ಯಾರನ್ ಯಾವಾಗ ಬೇಕು?"

"ಮುಂದಿನ ಸೊಪ್ಪಿಗೆ ಬೇಕು."

"ಹಾಗಾದರೆ ಆ ಹಣ ಇಲ್ಲಿರಬಾರದು."

"ಮಾರಿ. ಅಷ್ಟೂ ಮಾರಿ. ಉಳಿದಿದ್ರಲ್ಲೇ ಕಟ್ತೀನಿ, ಮಾಡಿಗೆ ಎಂಚು ಬ್ಯಾಡ, ಶೀಟು ಒದಿಸ್ಕತೀನಿ." ಸಹಿ ಹಾಕುತ್ತಾ ನನ್ನನ್ನೂ ಬಿಡಲಿಲ್ಲ. "ನೀನೂ ವರ್ಸದಿಂದ ಇಲ್ಲೇ ಕೂತಿದ್ದೆ ಕಣವ್ವ, ನಿದ್ದೆ ಬಂದಿತ್ತಾ?"

ಅವರು ಇಳಿದು ಹೋದ ಮೇಲೆ ಭಾವ, "ಎತ್ತರ ಬದಲಾಯಿಸೋ ಪಾಸ್‌ವರ್ಡ್ ನಾಳೆಯಿಂದ ನನ್ನತ್ರ ಮಾತ್ರ ಇರ್ಲಿ" ಎಂದರು.

"ಇರಲಿ" ಎಂದು ಉಳಿದ ಬೆಳೆಗಾರರ ಖಾತೆಗಳನ್ನು ತೆರೆದೆ. ಎಲ್ಲದರಲ್ಲೂ ಸೀಸನ್ನಿನ ಎತ್ತರವೇ ಇತ್ತು. ಒಂದೊಂದಾಗಿ ಹಳೆಯ ಎತ್ತರ ವಾಪಸು ಹಾಕಿದೆ. ಇನ್ನೂ ಮೂರು ಕೆಂಪಾದವು. ಇನ್ನು ಯಾರೂ ಹತ್ತಿ ಬರದಂತೆ ಭಾವ ಕೆಳಗೆ ಹೋಗಿ ಮೆಟ್ಟಿಲ ಬಾಗಿಲಿನ ಶಟರ್ ಅರ್ಧ ಎಳೆದರು. ನಾನು ಆ ಮೂವರಲ್ಲಿ ಮೊದಲನೆಯವರ ನಂಬರ್ ಒತ್ತಿದೆ.