ನಾನು ದಾಟಿಸಿ ತಿರುಗಿ ಕರೆತಂದವಳು

ಲೆಕ್ಕದ ಮಾಸ್ತರನಾಗಿ ಆ ಒಗಟನ್ನು ಎಷ್ಟು ಮಕ್ಕಳಿಗೆ ಹಾಕಿದ್ದೇನೋ, ನೆನಪಿಲ್ಲ. ಹುಲಿ, ಆಡು, ಹುಲ್ಲಿನ ಹೊರೆ. ಹರಗೋಲಿನಲ್ಲಿ ರೈತನ ಜೊತೆ ಒಂದಕ್ಕೇ ಜಾಗ. ಅವನಿಲ್ಲದಾಗ ಹುಲಿ ಆಡನ್ನು ತಿನ್ನುತ್ತದೆ, ಆಡು ಹುಲ್ಲನ್ನು ತಿನ್ನುತ್ತದೆ. ಮಕ್ಕಳು ಮೊದಲು ಆಡನ್ನು ದಾಟಿಸಿ, ಎರಡನೆಯದನ್ನು ಒಯ್ದು, ಅಲ್ಲಿ ಕಕ್ಕಾಬಿಕ್ಕಿಯಾಗುತ್ತಾರೆ.

ಆಗ ನಾನು ಜೇವರ್ಗಿ ತಾಲ್ಲೂಕಿನ ನಮ್ಮೂರಲ್ಲೇ ಮಾಸ್ತರ. ಊರು ಭೀಮಾ ನದಿಯ ದಂಡೆಗೇ ಇತ್ತು. ಏಳನೆಯ ತರಗತಿಯಲ್ಲಿ, ಗೋಡೆಯ ಬದಿಗೆ ಬೇರೆಯಾಗಿ ಕೂರುತ್ತಿದ್ದ ಹೊಲಗೇರಿಯ ಹುಡುಗಿ ಒಬ್ಬಳೇ ಕೈಯೆತ್ತಿದಳು.

“ದಾಟಿಸಿದ ಆಡು ವಾಪಸ್ ತರಬೇಕ್ರಿ ಸರ್. ಹುಲಿ ಅಲ್ಲಿ ಬಿಟ್ಟು ಆಡು ತರೂದು. ಆಡು ಇಲ್ಲಿಳಿಸಿ ಹುಲ್ಲು ಒಯ್ಯೂದು. ಕಡೀಕ ಮತ್ತ ಆಡು.”

ಒಟ್ಟು ಏಳು ಸಲ ಹೊಳೆ ದಾಟಬೇಕು. ಅವಳಿಗೆ ಶಭಾಶ್ ಎಂದೆ. ಎದ್ದು ಮುಂದಿನ ಸಾಲಿಗೆ ಬಾ ಎನ್ನಲಿಲ್ಲ.

ಆ ವರ್ಷ ವಸತಿ ಶಾಲೆಯ ಪ್ರವೇಶ ಪರೀಕ್ಷೆಗೆ ನಮ್ಮೂರಿಂದ ಮೂವರು ಹೊರಟರು: ಗೌಡರ ಮಗ, ಕಿರಾಣಿ ಅಂಗಡಿ ಸಾವಕಾರರ ಮಗಳು, ಮತ್ತು ಅವಳು. ಮಿಕ್ಕ ಇಬ್ಬರಿಗೆ ಇದಲ್ಲದಿದ್ದರೆ ಮತ್ತೊಂದು ಶಾಲೆ ಇತ್ತು. ಅವಳಿಗೆ ಇದು ತಪ್ಪಿದರೆ ಕೂಲಿ. ಮರುವರ್ಷಕ್ಕೆ ವಯಸ್ಸು ಮೀರುತ್ತಿತ್ತು. ಪರೀಕ್ಷೆ ಆಚೆ ದಂಡೆಯ ಅಫಜಲಪುರ ಸೀಮೆಯ ಊರಲ್ಲಿ, ಹತ್ತು ಗಂಟೆಗೆ. ದಂಡೆಯ ಮೇಲಿನ ರಸ್ತೆಗೆ ಒಂಬತ್ತಕ್ಕೆ ಒಂದೇ ಬಸ್ಸು.

ನಮ್ಮದು ಅಂಬಿಗರ ಮನೆ. ಅಪ್ಪನ ದೊಡ್ಡ ಹರಗೋಲು ತೂತುಬಿದ್ದು ದಂಡೆಯಲ್ಲಿ ಮಗುಚಿ ಮಲಗಿತ್ತು. ಮೀನು ಹಿಡಿಯುವ ಸಣ್ಣದೊಂದಿತ್ತು; ಹುಟ್ಟು ಹಾಕುವವನ ಜೊತೆ ಒಬ್ಬರಿಗಷ್ಟೇ ಜಾಗ. ನಾನೇ ಹುಟ್ಟು ಹಿಡಿದೆ.

ಹಿಂದಿನ ದಿನ ಗೌಡರು ಕರೆಸಿದ್ದರು. ಗೋಡೆಯ ಮೇಲೆ ಶರಣರ ಪಟ, ಹಣೆಯ ಮೇಲೆ ವಿಭೂತಿ. “ಮಾಸ್ತರ್ರ, ನೀವು ಇದ್ದಾಗ ಚಿಂತಿಲ್ಲ. ನೀವು ಇಲ್ಲದಾಗ ನಮ್ಮ ಹುಡುಗನ್ನ ಆ ಹೊಲಗೇರಿ ಹುಡುಗಿ ಕೂಡ ಬಿಡಬ್ಯಾಡ್ರಿ. ಹೋದ ಸಲ ಆಕಿ ಬುತ್ತಿ ರೊಟ್ಟಿ ತಿಂದು ಬಂದಾನ.” ಸಾವಕಾರರ ಮನೆಯಲ್ಲೂ ಇದೇ ಮಾತು. ಹುಲಿ ಆಡನ್ನು ತಿಂದೀತೆಂಬ ಭಯವಲ್ಲ, ಇಬ್ಬರೂ ಕೂಡಿ ಉಂಡಾರೆಂಬ ಭಯ.

“ಆತ್ರಿ ಗೌಡ್ರ” ಎಂದೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಮನೆಗೆ ನಡೆಯುತ್ತಾ ನನಗೆ ಖುಷಿಯೇ ಆಗಿತ್ತು. ಒಗಟು ಕೂದಲೆಳೆ ತಪ್ಪದಂತೆ ಕೂಡಿತ್ತು.

ಬೆಳಿಗ್ಗೆ ಏಳು ಗಂಟೆಗೆ ಹೊರಟು, ಮೊದಲು ಅವಳನ್ನು ದಾಟಿಸಿದೆ. ಸೆಳವು ಜೋರಿತ್ತು, ಒಂದು ದಾಟಿಗೆ ಇಪ್ಪತ್ತು ನಿಮಿಷ. ಖಾಲಿ ಬಂದು ಗೌಡರ ಮಗನನ್ನು ಒಯ್ದೆ. ಅವನು ಇಳಿಯುತ್ತಲೇ ಅವಳಿಗೆ, “ಬಾರವ್ವ, ಹತ್ತು” ಎಂದೆ.

ಅವಳು ಹರಗೋಲನ್ನೂ ನನ್ನನ್ನೂ ನೋಡಿದಳು. ಹತ್ತಿ ಕೂತಳು. ನಡು ಹೊಳೆಯಲ್ಲಿ ಮೆಲ್ಲಗೆ ಅಂದಳು: “ಆಡು ನಾನ ಏನ್ರಿ ಸರ್?”

ನಾನು ಹುಟ್ಟು ಹಾಕುತ್ತಲೇ ಇದ್ದೆ.

“ನಾ ಯಾರನ್ನ ತಿಂತೇನ್ರಿ? ನಮ್ಮನ್ನ ಅಲ್ಲೇ ಬಿಟ್ಟಿದ್ರ ಐದ ದಾಟಿಗೆ ಮುಗೀತಿತ್ತು.”

ಐದು ದಾಟಿಗೆ ಎಂದರೆ ಎಂಟೂ ನಲವತ್ತು, ಬಸ್ಸು ಸಿಗುತ್ತಿತ್ತು. ಆ ಲೆಕ್ಕ ನನಗೂ ಗೊತ್ತಿತ್ತು. ಆಚೆ ದಂಡೆಯಲ್ಲಿ ನೋಡಲು ಒಂದು ನರಪಿಳ್ಳೆಯೂ ಇರಲಿಲ್ಲ, ಆದರೂ ಗೌಡರು ಅಲ್ಲೇ ನಿಂತಂತೆ ನಾನು ಹೆದರಿದ್ದೆ.

ಅವಳನ್ನು ಈಚೆ ಇಳಿಸಿ ಸಾವಕಾರರ ಮಗಳನ್ನು ಒಯ್ದೆ. ಇಬ್ಬರಿಗೂ, “ಬಸ್ ಬಂದ್ರ ಹತ್ತಿಬಿಡ್ರಿ, ಕಾಯಬ್ಯಾಡ್ರಿ” ಎಂದು ಹೇಳಿ ಬಂದೆ. ಕೊನೆಗೆ ಮತ್ತೆ ಅವಳನ್ನು ದಾಟಿಸಿದಾಗ ಒಂಬತ್ತೂ ಇಪ್ಪತ್ತು. ಬಸ್ಸು ಹೋಗಿತ್ತು. ಓಡುತ್ತಾ ನಡೆಯುತ್ತಾ ಮುಟ್ಟುವಷ್ಟರಲ್ಲಿ ಹನ್ನೊಂದು ಹೊಡೆದಿತ್ತು. ಬಾಗಿಲಲ್ಲಿದ್ದವರು, “ಅರ್ಧ ತಾಸಿನ ಮ್ಯಾಲ ಒಳಗ ಬಿಡಂಗಿಲ್ರಿ” ಎಂದರು. ನಾನು ಕೈಮುಗಿದೆ. “ಇಷ್ಟೊತ್ತು ಏನ್ ಮಾಡಿದ್ರಿ?” ಎಂದು ಕೇಳಿದರು. ಹೊಳೆಯ ಸೆಳವಿನಿಂದಲೇ ತಡವಾಯಿತು ಎಂದು ಸುಳ್ಳು ಹೇಳಿದೆ. ಅವಳು ನನ್ನ ಮುಖ ನೋಡಿದಳು. ನಿಜ ಹೇಳಿದ್ದರೆ ಒಳಗೆ ಬಿಡುತ್ತಿದ್ದರೋ ಏನೋ, ಅದನ್ನೂ ನಾನು ಮಾಡಲಿಲ್ಲ.

ಪರೀಕ್ಷೆ ಮುಗಿದು ಇಬ್ಬರೂ ಹೊರಗೆ ಬಂದರು. ಅವಳು ಪ್ರಶ್ನೆಪತ್ರಿಕೆ ಇಸಿದುಕೊಂಡು, ಬೇವಿನ ನೆರಳಲ್ಲಿ ಕೂತು, ಲೆಕ್ಕಗಳನ್ನು ಒಂದೊಂದಾಗಿ ಬಾಯಿಂದಲೇ ಬಿಡಿಸಿದಳು. ಗೌಡರ ಮಗ ತಾನು ತಪ್ಪಿದ್ದಕ್ಕೆಲ್ಲ ಹಣೆ ಬಡಿದುಕೊಂಡ. ಆಮೇಲೆ ಸಾವಕಾರರ ಮಗಳು ಬುತ್ತಿ ಬಿಚ್ಚಿದಳು. ಮೂವರೂ ಒಂದೇ ಬಟ್ಟೆಯ ಮೇಲೆ ರೊಟ್ಟಿ ಹಾಕಿಕೊಂಡು, ಒಂದೇ ಹಿಂಡಿ ಪಲ್ಯಕ್ಕೆ ಕೈಹಾಕಿ ಉಂಡರು.

“ಬರ್ರಿ ಸರ್, ಉಣ್ರಿ” ಎಂದು ಅವಳು ಕರೆದಳು. ನಾನು ಅವರಿಗೆ ಬೆನ್ನು ಮಾಡಿ ನಿಂತು, ಊರ ಕಡೆಯವರು ಯಾರಾದರೂ ಬರುತ್ತಿದ್ದಾರೇನೋ ಎಂದು ರಸ್ತೆ ಕಾಯುತ್ತಿದ್ದೆ.